ಆಂಟ್‌ಕಾಂಕ್ ಮೂರು ವರ್ಷ ಬಳಸಿದ ಮೇಲೆ: ‘ಕಣ’ ಹುಡುಕಿದ ಕಥೆ

ಸೋಮವಾರಪೇಟೆ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಒಂದು ಪದ ನಿಜವಾದ ವಾಕ್ಯಗಳಲ್ಲಿ ಹೇಗೆ ಬರುತ್ತದೆ ಎಂದು ನೋಡಲು ಮೂರು ವರ್ಷದಿಂದ ಆಂಟ್‌ಕಾಂಕ್ ಬಳಸುತ್ತಿದ್ದೇನೆ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಮಾಡಿದ ಉಚಿತ ತಂತ್ರಾಂಶ ಇದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಜುಲೈ ಮಳೆಯಲ್ಲಿ ನೆಟ್‌ವರ್ಕ್ ಹೋದ ದಿನವೂ ಕೆಲಸ ನಡೆಯುತ್ತದೆ. ಆದರೆ ವಾಕ್ಯಗಳ ಸಂಗ್ರಹ ನಮ್ಮದೇ ಆಗಿರಬೇಕು. ನಾನು ಪತ್ರಿಕೆ ಬರಹ, ಕೃಷಿ ಕರಪತ್ರ, ಮಕ್ಕಳ ಪ್ರಬಂಧಗಳನ್ನು ಯೂನಿಕೋಡ್ ಪಠ್ಯವಾಗಿ ಸೇರಿಸುತ್ತಾ ಬಂದೆ.

ಕಳೆದ ವರ್ಷ ಒಬ್ಬ ಹುಡುಗಿ ಪ್ರಬಂಧದಲ್ಲಿ ‘ಅಪ್ಪ ಬೆಳಿಗ್ಗೆಯೇ ಕಣಕ್ಕೆ ಇಳಿದರು’ ಎಂದು ಬರೆದಿದ್ದಳು. ಅವರ ಕಾಫಿ ಒಣಗಿಸುವ ಕಣ ಮನೆಯಿಂದ ತಗ್ಗಿನಲ್ಲಿದೆ. ಊರ ಹೊರಗಿಂದ ಬಂದ ಹುಡುಗ, ‘ಯಾವ ಎಲೆಕ್ಷನ್‌ಗೆ?’ ಎಂದ. ಹುಡುಗಿ ಬರೆದದ್ದು ತಪ್ಪಾ? ಕೂತು ನೋಡಿದೆ.

ಮೊದಲು ಬರೀ ‘ಕಣ’ ಎಂದು ಹುಡುಕಿದೆ. ಸಿಕ್ಕಿದ್ದು ಕೆಲವೇ ಸಾಲು. ನಮ್ಮ ಪದಗಳು ಪ್ರತ್ಯಯ ಹೊತ್ತುಕೊಂಡೇ ಓಡಾಡುತ್ತವೆ ಅಲ್ವಾ? ಕೊನೆಗೆ ಏನು ಸೇರಿದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ಹಾಕಿ `ಕಣ*` ಎಂದು ಕೊಟ್ಟೆ. ಆಗ ಕಣ್ಣು, ಕಣ್ಣೀರು, ಕಣಿವೆ ಎಲ್ಲ ನುಗ್ಗಿದವು. ನಮ್ಮ ಕಣ್ಣಿಗೆ ‘ಣಿ’ ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ‘ಣ’ ಮತ್ತು ಗುಡಿಸು ಬೇರೆ ಬೇರೆ. ಹಾಗಾಗಿ ವಿಭಕ್ತಿ ಹಿಡಿದು ಒಂದೊಂದಾಗಿ ಹುಡುಕಿದೆ:

```
ಕಣದ*
ಕಣಕ್ಕ*
ಕಣವ*
ಕಣಗಳ*
```

ಎರಡನೆಯದರಲ್ಲಿ ‘ಕ್ಕೆ’ ಬರೆಯದೆ ‘ಕ್ಕ’ಕ್ಕೆ ನಿಲ್ಲಿಸಿದ್ದು ಬೇಕೆಂದೇ. ‘ಕಣಕ್ಕಿಳಿದ’ ಎಂದು ಸಂಧಿ ಆದದ್ದೂ ಅದರಲ್ಲಿ ಸಿಗುತ್ತದೆ. ‘ಕಣಕ್ಕೆ’ ಎಂದೇ ಹುಡುಕಿದ್ದರೆ ಪತ್ರಿಕೆಯವರು ಹೆಚ್ಚು ಬರೆಯುವ ಆ ರೂಪವೇ ತಪ್ಪಿಹೋಗುತ್ತಿತ್ತು.

KWIC ಪಟ್ಟಿಯಲ್ಲಿ ಹುಡುಕಿದ ಪದ ನಡುವೆ ನಿಲ್ಲುತ್ತದೆ, ಎರಡೂ ಬದಿಗೆ ವಾಕ್ಯ ಹರಡಿರುತ್ತದೆ. ಬಲಗಡೆಯ ಪದದ ಪ್ರಕಾರ ಸಾಲುಗಳನ್ನು ಜೋಡಿಸಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅರ್ಥ ಅಲ್ಲೇ ಬಯಲಾಗುತ್ತದೆ. ‘ಕಣಕ್ಕೆ’ ಆದ ಮೇಲೆ ಇಳಿ, ಇಳಿಸು ಬಂದ ಸಾಲುಗಳೆಲ್ಲ ಚುನಾವಣೆ, ಇಲ್ಲವೇ ಕುಸ್ತಿ. ಹಾಕು, ತಂದು, ಹೋದ ಬಂದರೆ ಕಾಫಿ ಅಥವಾ ಭತ್ತ. ‘ಕಣದಲ್ಲಿ’ ಆದ ಮೇಲೆ ಉಳಿದರೆ ಅಭ್ಯರ್ಥಿ, ಒಣಗಿದರೆ ಕಾಫಿ. ‘ಕಣಗಳು’ ಎಂದು ಬಹುವಚನ ಬಂದಲ್ಲಿ ಹೆಚ್ಚಾಗಿ ರಕ್ತದ ಕಣ, ಧೂಳಿನ ಕಣ. ಯಾವ ನಿಘಂಟೂ ನನಗೆ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಆದರೆ ಒಂದು ಎಚ್ಚರ. ಆಗ ನನ್ನ ಸಂಗ್ರಹದಲ್ಲಿ ಪತ್ರಿಕೆ ಬರಹವೇ ಜಾಸ್ತಿ. ಪ್ರತಿ ಸಾಲಿನ ಪಕ್ಕ ಕಡತದ ಹೆಸರಿರುತ್ತದೆ. ನೋಡಿದರೆ ಚುನಾವಣೆಯ ಸಾಲುಗಳಲ್ಲಿ ಬಹುಪಾಲು ಎರಡೇ ಕಡತದವು! ಮಕ್ಕಳ ಬರಹ, ಕಾಫಿ ಬೆಳೆಗಾರರ ಕರಪತ್ರಗಳನ್ನು ಇನ್ನಷ್ಟು ಸೇರಿಸಿ ಮತ್ತೆ ನೋಡಿದೆ. ಕಾಫಿ ಕಣದ ಸಾಲು ಹೆಚ್ಚಾದವು, ‘ಇಳಿ’ ಮಾತ್ರ ಅವುಗಳ ಜೊತೆ ಬರಲಿಲ್ಲ. ಆ ಮೇಲೆಯೇ ನನಗೆ ಧೈರ್ಯ ಬಂದದ್ದು.

ಹೊಸದಾಗಿ ಶುರು ಮಾಡುವವರು ಮೊದಲ ದಿನವೇ Token Definition ನೋಡಿ, ಯಾವ ಯಾವ ಚಿಹ್ನೆಗಳನ್ನು ಪದದ ಭಾಗವೆಂದು ಎಣಿಸಬೇಕು ಎಂದು ಹೇಳುವ ಸೆಟ್ಟಿಂಗ್ ಅದು. ಅಲ್ಲಿ Letter ಮಾತ್ರ ಆಯ್ಕೆ ಆಗಿದ್ದರೆ ಕನ್ನಡ ಪದ ಒಡೆಯುತ್ತದೆ, ಏಕೆಂದರೆ ನಮ್ಮ ಕಾಗುಣಿತದ ಚಿಹ್ನೆಗಳು Mark ಗುಂಪಿಗೆ ಸೇರಿವೆ. ಪದಪಟ್ಟಿ ತೆಗೆದಾಗ ‘ಕಣದಲ್ಲಿ’ ಬದಲು ‘ಕಣದಲ’, ‘ಲ’ ಎಂದು ಕಂಡರೆ ಇದೇ ಕಾರಣ. Mark ಕೂಡ ಸೇರಿಸಿ ಸಂಗ್ರಹವನ್ನು ಮತ್ತೆ ಕಟ್ಟಿ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಬೇರೊಂದು. ‘ಬಸ್‌ನಲ್ಲಿ’ ಎಂದು ಟೈಪ್ ಮಾಡುವಾಗ ಸ ಮತ್ತು ನ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರುತ್ತದೆ. ಅದು ಅಕ್ಷರವೂ ಅಲ್ಲ, ಕಾಗುಣಿತವೂ ಅಲ್ಲ, ಹಾಗಾಗಿ ಪದ ಅಲ್ಲೇ ತುಂಡಾಗುತ್ತದೆ. ಪದಪಟ್ಟಿಯಲ್ಲಿ ಒಂಟಿ ‘ನಲ್ಲಿ’, ‘ಗೆ’, ‘ಗಳು’ ರಾಶಿ ಬಿದ್ದಿದ್ದರೆ ಅನುಮಾನಪಡಿ. ನಾನು ಮೂಲ ಕಡತ ಹಾಗೇ ಇಟ್ಟು, ಅದರ ನಕಲಿನಲ್ಲಿ ಆ ಚಿಹ್ನೆಯನ್ನು, ಅಂದರೆ ಯೂನಿಕೋಡಿನ U+200C ಅನ್ನು, ಹುಡುಕಿ ಅಳಿಸುತ್ತೇನೆ. ಅಕ್ಷರ ಒತ್ತಾಗಿ ಕಾಣುತ್ತದೆ, ಎಣಿಕೆ ಸರಿಹೋಗುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬೆರಳಚ್ಚಾದ ಕಡತಗಳನ್ನಂತೂ ಯೂನಿಕೋಡಿಗೆ ಬದಲಾಯಿಸದೆ ಸೇರಿಸಲೇಬೇಡಿ.

ಆ ಹುಡುಗಿಗೆ ಪಟ್ಟಿಯನ್ನೇ ತೋರಿಸಿದೆ. ಅವಳು ವಾಕ್ಯ ಹೊಡೆದುಹಾಕಲಿಲ್ಲ, ನಾನೂ ಹೇಳಲಿಲ್ಲ. ಎರಡು ಪದ ಸೇರಿಸಿದಳು: ‘ಅಪ್ಪ ಬೆಳಿಗ್ಗೆಯೇ ಕಾಫಿ ಹರಡಲು ಕಣಕ್ಕೆ ಇಳಿದರು.’