ಕಿವಿಯ ಮಿಷನ್ ತೆಗೆಸಿ ತುಟಿ ಓದಲು ಕಲಿಸುವವರ ಹತ್ತಿರ ಹುಷಾರು

ವಯಸ್ಸಾದ ಮೇಲೆ ಕಿವಿ ಮಂದವಾದವರು ಇದನ್ನು ಓದಿ, ಆಮೇಲೆ ಫೀಸು ಕಟ್ಟುವ ಯೋಚನೆ ಮಾಡಿ. ಶಿವಮೊಗ್ಗದಲ್ಲಿ ನಾನು ಸೇರಿದ್ದ ತುಟಿ ಓದುವ ಕ್ಲಾಸಿನಲ್ಲಿ ಮೊದಲ ದಿನವೇ ಹೇಳಿದ್ದು ಇದು: "ಮಿಷನ್ ತೆಗೆದು ಡಬ್ಬಿಗೆ ಹಾಕಿ. ಅದಿದ್ದರೆ ಕಣ್ಣು ಸೋಮಾರಿಯಾಗುತ್ತೆ. ಕೆಲವೇ ತಿಂಗಳಲ್ಲಿ ಯಾರ ತುಟಿ ನೋಡಿದರೂ ಪೂರ್ತಿ ಮಾತು ಗೊತ್ತಾಗುತ್ತೆ." ದುಡ್ಡು ಮಾತ್ರ ಮುಂಗಡ. ನನ್ನ ಕಿವಿ ಪರೀಕ್ಷೆಯ ವರದಿ, ಅಂದರೆ ಆಡಿಯೋಗ್ರಾಂ, ತೋರಿಸಲು ಹೋದರೆ ಬಿಡಿಸಿಯೂ ನೋಡಲಿಲ್ಲ.

ಪಾಠ ಅಂದರೆ ಮೇಷ್ಟ್ರು ಧ್ವನಿಯಿಲ್ಲದೆ, ಬಾಯಿ ದೊಡ್ಡದಾಗಿ ತೆರೆದು ಒಂದೊಂದೇ ಪದ ಹೇಳುವುದು, ನಾವು ಗುರುತಿಸುವುದು. ಎಲ್ಲರಿಗೂ ಒಳ್ಳೆ ಮಾರ್ಕು. ಪದಗಳ ಪಟ್ಟಿ ಮೊದಲೇ ಕೈಯಲ್ಲಿತ್ತು, ಬರದೆ ಏನು! ಊರಿನಲ್ಲಿ ಯಾರೂ ಹಾಗೆ ಬಾಯಿ ಬಿಟ್ಟು ಮಾತಾಡುವುದಿಲ್ಲ. ನಮ್ಮ ಕಡೆ ಅರ್ಧ ಜನರ ಮಾತು ಕವಳದ ಸಂದಿಯಿಂದಲೇ ಬರುವುದು.

ಆ ದಿನಗಳಲ್ಲೇ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆಯುತ್ತಿತ್ತು. ಸಂಜೆ ಗುಂಪಿನ ಹಿರಿಯ ಹೆಂಗಸು ಬಂದು ಒಟ್ಟು ಎಷ್ಟು ಡಬ್ಬ ಆಯಿತು ಅಂತ ಹೇಳಿದಳು. ಮೇಷ್ಟ್ರ ಅಪ್ಪಣೆಯಂತೆ ಮಿಷನ್ ಡಬ್ಬಿಯಲ್ಲಿತ್ತು. ಎಪ್ಪತ್ತು ಅಂತ ಲೆಕ್ಕ ಹಾಕಿ ದುಡ್ಡು ಎಣಿಸಿದೆ. ಅವಳ ಮುಖ ಕೆಂಪಾಯಿತು. ಮತ್ತೆ ಹೇಳಿದಳು, ಜೋರಾಗಿ ಹೇಳಿದಳು, ಬಿಡಿಸಿ ಬಿಡಿಸಿ ಹೇಳಿದಳು. ನನಗೆ ಪ್ರತಿ ಸಲವೂ ಎಪ್ಪತ್ತೇ. ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಎಂಟು ಬೆರಳು ತೋರಿಸಿದಾಗ ಗೊತ್ತಾಯಿತು, ಅವಳು ಹೇಳಿದ್ದು ಎಂಬತ್ತು. ಅಷ್ಟರಲ್ಲಿ "ಅಣ್ಣ ಹತ್ತು ಡಬ್ಬದ ಕೂಲಿ ನುಂಗೋಕೆ ಕಿವುಡು ನಾಟಕ ಆಡ್ತಾರೆ" ಅಂತ ಅಂಗಳದಲ್ಲಿ ಮಾತಾಗಿತ್ತು.

ನೀವೇ ಕನ್ನಡಿ ಮುಂದೆ ನಿಂತು, ಧ್ವನಿ ಮಾಡದೆ ಎಪ್ಪತ್ತು ಅನ್ನಿ, ಆಮೇಲೆ ಎಂಬತ್ತು ಅನ್ನಿ. ಎರಡರಲ್ಲೂ ತುಟಿ ಕೂಡುತ್ತದೆ, ಬಿಡುತ್ತದೆ, ಕೊನೆಗೆ ಮುಂದೆ ಬರುತ್ತದೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಹಾಗಾಗಿ ಬರ ಮತ್ತು ಮರ ಕಣ್ಣಿಗೆ ಬೇರೆಯಲ್ಲ. ಕ, ಗ ಬಾಯೊಳಗೆ ಹಿಂದೆ ಹುಟ್ಟುವುದರಿಂದ ಹೊರಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ತುಟಿ ನೋಡಿ ಗುರುತಿಸಬಹುದಾದ ಧ್ವನಿಗಳು ಶೇಕಡಾ 30ರಿಂದ 40 ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಉಳಿದದ್ದನ್ನು ಸಂದರ್ಭ ನೋಡಿ ಊಹಿಸಬೇಕು. ಸಂಖ್ಯೆ, ಹೆಸರು, ಔಷಧಿ ಅಳತೆ ಇವುಗಳಲ್ಲಿ ಊಹೆಗೆ ಆಧಾರವೇ ಇರುವುದಿಲ್ಲ ಅಲ್ವಾ?

ಮಿಷನ್ ತೆಗೆಸಿದ್ದು ಯಾಕೆ ತಪ್ಪು ಅಂತ ಆಮೇಲೆ ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಬಿಡಿಸಿ ಹೇಳಿದರು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣವಾದ ಸಣ್ಣ ಧ್ವನಿಗಳು: ಸ, ಶ, ತ ಇಂಥವು. ಮ, ಬ ಅನ್ನುವಾಗ ಮೂಗಿನಲ್ಲಿ, ಗಂಟಲಲ್ಲಿ ಬರುವ ದಪ್ಪ ಗುಂಯ್‌ಗುಡುವಿಕೆ ಎಷ್ಟೋ ಮಟ್ಟಿಗೆ ಉಳಿದಿರುತ್ತದೆ. ಎಂಬತ್ತರಲ್ಲಿ ಅದಿದೆ, ಎಪ್ಪತ್ತರಲ್ಲಿ ಇಲ್ಲ. ಅಂದರೆ ತುಟಿ ಹೇಳಲಾಗದ್ದನ್ನು ಉಳಿದ ಕಿವಿ ಹೇಳುತ್ತದೆ, ಕಿವಿಗೆ ಸಿಗದ್ದನ್ನು ತುಟಿ ಎಷ್ಟೋ ತೋರಿಸುತ್ತದೆ. ಎರಡೂ ಕೂಡಿದರೇ ಮಾತು.

ಈಗ ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ಖರ್ಚಿಲ್ಲ. ಇದನ್ನು ಟ್ರ್ಯಾಕಿಂಗ್ ಅನ್ನುತ್ತಾರೆ. ಡಿ ಫಿಲಿಪ್ಪೊ ಮತ್ತು ಸ್ಕಾಟ್ ಎಂಬಿಬ್ಬರು 1978ರಲ್ಲಿ ವಿವರಿಸಿದ ವಿಧಾನ. ಹೆಂಡತಿ ಪೇಪರ್ ಹಿಡಿದು ಮೂರ್ನಾಲ್ಕು ಪದ ಓದುತ್ತಾಳೆ, ಮಾಮೂಲಿ ವೇಗದಲ್ಲಿ. ನಾನು ಮಿಷನ್ ಹಾಕಿಕೊಂಡೇ, ಅವಳ ಮುಖ ನೋಡುತ್ತಾ ಅದನ್ನೇ ತಿರುಗಿ ಹೇಳಬೇಕು. ಒಂದು ಪದ ತಪ್ಪಿದರೂ ಮುಂದೆ ಹೋಗುವ ಹಾಗಿಲ್ಲ. ಸಿಗದಿದ್ದರೆ ಇನ್ನೊಂದು ಸಲ, ಆಗಲೂ ಸಿಗದಿದ್ದರೆ ಬೇರೆ ಮಾತಿನಲ್ಲಿ ಸುಳಿವು. ನಿಮಿಷಕ್ಕೆ ಎಷ್ಟು ಪದ ದಾಟಿತು ಅಂತ ಬರೆದಿಟ್ಟರೆ ಸುಧಾರಣೆ ಕಾಣುತ್ತದೆ. ಮೊದಲು ಯಾವ ಸುದ್ದಿ ಅಂತ ಹೇಳಿಸಿಕೊಳ್ಳಿ. ಅದು ಸಲೀಸಾದರೆ ಧ್ವನಿ ತಗ್ಗಿಸಲು ಹೇಳಿ, ಆಮೇಲೆ ಫ್ಯಾನ್ ಹಾಕಿಕೊಳ್ಳಿ. ಕಾಲು ಗಂಟೆ ಸಾಕು, ಕಣ್ಣೂ ತಲೆಯೂ ದಣಿಯುತ್ತವೆ. ಬೆಳಕು ಓದುವವರ ಮುಖದ ಮೇಲೆ ಬೀಳಬೇಕು. ಅವರ ಬೆನ್ನಿಗೆ ಕಿಟಕಿ ಇದ್ದರೆ ಮುಖವೇ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಡಿಯುವಾಗ, ಕರೆಂಟೂ ಹೋಗಿರುವಾಗ ಸುಮ್ನೆ ಪ್ರಯತ್ನ ಬೇಡ.

ಸಂಖ್ಯೆಗೆ ಮಾತ್ರ ಯಾವ ಅಭ್ಯಾಸವನ್ನೂ ನಂಬುವುದಿಲ್ಲ. "ಏಳಾ, ಎಂಟಾ?" ಅಂತ ಕೇಳಿದರೂ ಪ್ರಯೋಜನ ಕಮ್ಮಿ, ಏಳು, ಎಂಟು ಎರಡರಲ್ಲೂ ತುಟಿ ಮೊದಲು ಅಗಲವಾಗಿ ಆಮೇಲೆ ದುಂಡಾಗುತ್ತದೆ. ಬೆರಳು ತೋರಿಸಿ ಅನ್ನುತ್ತೇನೆ, ಇಲ್ಲಾಂದ್ರೆ ಮೊಬೈಲಿನಲ್ಲಿ ಒತ್ತಿ ಕೊಡಿ ಅನ್ನುತ್ತೇನೆ. ಸುಲಿಯುವವರ ಲೆಕ್ಕಕ್ಕೆ ಈಗ ಗೋಡೆ ಮೇಲೆ ಸೀಮೆಸುಣ್ಣದ ಗೀಟು.