ಮೆಟಾ ಆಡ್ಸ್ ಮ್ಯಾನೇಜರ್: ದಿನಕ್ಕೆ 200 ರೂಪಾಯಿ ಹಾಕಿ ರೊಟ್ಟಿ ಮಾರುವವಳ ವಿಮರ್ಶೆ

ಬೆಂಗಳೂರಿನ ವಿಜಯನಗರದಲ್ಲಿ ಮನೆಯಿಂದಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ವರ್ಷದ ಮೇಲಾಯಿತು, ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡುವುದೆಲ್ಲ ಮೆಟಾ ಆಡ್ಸ್ ಮ್ಯಾನೇಜರ್‌ನಲ್ಲೇ. ಹೊಸದಾಗಿ ಶುರು ಮಾಡುವವರಿಗೆ ಒಂದೇ ಮಾತು ಹೇಳುವುದಾದರೆ, ಫೋಟೋಗಿಂತ ಮೊದಲು ಆಬ್ಜೆಕ್ಟಿವ್ ನೋಡಿ, ಅಂದರೆ ಜಾಹೀರಾತಿನಿಂದ ನಿಮಗೆ ಏನಾಗಬೇಕು ಅನ್ನುವ ಆಯ್ಕೆ. ನೀವು ಏನು ಕೇಳುತ್ತೀರೋ ಅದನ್ನೇ ಮಾಡುವ ಜನರನ್ನು ಅದು ಹುಡುಕಿ ಕೊಡುತ್ತದೆ.

ಇದನ್ನು ಪಕ್ಕಾ ಮಾಡಿಕೊಳ್ಳಲು ಒಂದೇ ಫೋಟೋ, ಒಂದೇ ಬರಹ ಇಟ್ಟು ಎರಡು ಕ್ಯಾಂಪೇನ್ ಹಾಕಿದೆ. ಎರಡಕ್ಕೂ ದಿನಕ್ಕೆ 200 ರೂಪಾಯಿ, ಒಂದು ವಾರ. ಒಂದಕ್ಕೆ ಆಬ್ಜೆಕ್ಟಿವ್ ಟ್ರಾಫಿಕ್ ಅಂತ ಹಾಕಿದ್ದಕ್ಕೆ ಕ್ಲಿಕ್‌ಗಳ ಸುರಿಮಳೆ, ಎರಡೂವರೆ ರೂಪಾಯಿಗೆ ಒಂದು. ಆರ್ಡರ್ ಮಾತ್ರ ಎರಡು. ಇನ್ನೊಂದಕ್ಕೆ ಎಂಗೇಜ್‌ಮೆಂಟ್ ಆರಿಸಿ, ಅದರೊಳಗೆ ವಾಟ್ಸಾಪ್ ಮೆಸೇಜ್ ಬರುವ ಹಾಗೆ ಮಾಡಿದ್ದೆ. ಒಂದು ಮಾತುಕತೆಗೆ 35 ರೂಪಾಯಿ ಬಿತ್ತು, ದುಬಾರಿ ಅನ್ನಿಸಿತು. ಆದರೆ 40 ಜನ ಕೇಳಿದರು, 11 ಜನ ತಗೊಂಡರು. 1,400ಕ್ಕೆ 18% ಜಿಎಸ್‌ಟಿ ಸೇರಿ 1,652 ಆಯಿತಲ್ವಾ, ಅಂದರೆ ಆರ್ಡರಿಗೆ 150 ಖರ್ಚು. ನನಗೆ ಒಂದು ಆರ್ಡರಿಗೆ ಉಳಿಯುವುದು 180. ಮೊದಲ ಸಲ 30 ರೂಪಾಯಿಯೇ ಲಾಭ, ಎರಡನೇ ಸಲ ಅದೇ ಮನೆಯವರು ಕೇಳಿದಾಗ ಪೂರ್ತಿ 180.

ನನಗೆ ತುಂಬ ಇಷ್ಟವಾದದ್ದು ಮ್ಯಾಪ್‌ನಲ್ಲಿ ಪಿನ್ ಚುಚ್ಚುವುದು. ಊರಿನ ಹೆಸರು ಬರೆಯದೆ ಮನೆ ಮೇಲೆ ಪಿನ್ ಇಟ್ಟು, ಸುತ್ತ 6 ಕಿಲೋಮೀಟರ್ ಎಂದು ವೃತ್ತ ಎಳೆಯುತ್ತೇನೆ. ರಾಜಾಜಿನಗರ, ಬಸವೇಶ್ವರನಗರ, ನಾಗರಬಾವಿ ಎಲ್ಲ ನೀಲಿ ವೃತ್ತದೊಳಗೆ ಬರುವುದನ್ನು ನೋಡುವುದೇ ಖುಷಿ. ನಮ್ಮ ಹುಡುಗ ಸ್ಕೂಟರಿನಲ್ಲಿ ಬಿಸಿ ಆರುವುದರೊಳಗೆ ಮುಟ್ಟಿಸುವಷ್ಟು ದೂರ ಅದು.

ಬೇಸರ ಇರುವುದು ಉಳಿದ ಟಾರ್ಗೆಟಿಂಗ್, ಅಂದರೆ ಯಾರಿಗೆ ತೋರಿಸಬೇಕು ಅಂತ ಆರಿಸುವುದರ ಬಗ್ಗೆ. ಜನರನ್ನು ಮೆಟಾನೇ ಹುಡುಕುವ ಅಡ್ವಾಂಟೇಜ್ ಪ್ಲಸ್ ಆಡಿಯನ್ಸ್ ಆನ್ ಇದ್ದರೆ ನೀವು ಕೊಡುವ ವಯಸ್ಸಿನ ಶ್ರೇಣಿ, ಆಸಕ್ತಿ ಎಲ್ಲ ಬರೀ ಸಲಹೆ. ಅದು ಆಚೆಗೂ ಹೋಗುತ್ತದೆ. ಜಾಗ ಹಾಗಲ್ಲ, ಅದು ಗಟ್ಟಿ. ಇದನ್ನು ಹೊಸಬರಿಗೆ ಕಾಣುವ ಹಾಗೆ ದೊಡ್ಡದಾಗಿ ಬರೆಯಬೇಕಿತ್ತು. ಹಾಗಂತ ಕ್ಯಾಂಪೇನ್ ಒಳಗೆ ಆಸಕ್ತಿಗೊಂದರಂತೆ ನಾಲ್ಕು ಗುಂಪು, ಅಂದರೆ ಆಡ್ ಸೆಟ್ ಮಾಡಿ ತಲಾ 50 ರೂಪಾಯಿ ಹಂಚಬೇಡಿ. ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಅನ್ನುವ ಕಲಿಕೆಯನ್ನು ಒಂದು ಆಡ್ ಸೆಟ್ ಮುಗಿಸಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ನನ್ನ 40 ಮಾತುಕತೆ ಒಂದೇ ಕಡೆ ಇದ್ದರೂ ಸಾಲಲಿಲ್ಲ, ನಾಲ್ಕು ಕಡೆ ಒಡೆದರೆ ತಲಾ ಹತ್ತು. ಯಾವುದು ಗೆದ್ದಿತು ಅಂತ ಅಷ್ಟರಲ್ಲಿ ಹೇಳಲು ಬರುವುದಿಲ್ಲ.

ಬೆಳಿಗ್ಗೆ ಕಾಫಿ ಜೊತೆ ಅಂಕಿ ನೋಡುತ್ತೇನೆ, ಆದರೆ ಕೈ ಹಾಕುವುದಿಲ್ಲ. ಒಂದು ದಿನ 200ಕ್ಕಿಂತ ಜಾಸ್ತಿ ಕಡಿತವಾದರೂ ಗಾಬರಿ ಬೇಡ, ವಾರದ ಲೆಕ್ಕ ದಿನದ ಬಜೆಟ್‌ನ ಏಳು ಪಟ್ಟು ದಾಟುವುದಿಲ್ಲ. ಟಾರ್ಗೆಟಿಂಗ್ ಬದಲಿಸಿದರೆ, ಬಜೆಟ್ ಒಮ್ಮೆಲೇ ದುಪ್ಪಟ್ಟು ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಅದಕ್ಕೇ ನಾನು 200ರಿಂದ 240ಕ್ಕೆ ಹೋಗಿ ವಾರಪೂರ್ತಿ ಸುಮ್ನೆ ಬಿಡುತ್ತೇನೆ.