ಸಿಡಿಲಿನ ರಾತ್ರಿ ತಾನಾಗಿ ತೆರೆದುಕೊಂಡ ಗೇಟು: ಸ್ಲೈಡಿಂಗ್ ಗೇಟ್ ಮೋಟಾರನ್ನು ಮೂರು ವರ್ಷ ಬಳಸಿದ ಕಾವಲುಗಾರನ ವಿಮರ್ಶೆ

ನಾನು ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಇಲ್ಲಿನ ಕಬ್ಬಿಣದ ಗೇಟಿಗೆ ಮೋಟಾರು ಕೂಡಿಸಿ ಮೂರು ವರ್ಷ ದಾಟಿದೆ. ಅದನ್ನು ಖರೀದಿಸಿದವನು ನಾನಲ್ಲ. ಆದರೆ ಪ್ರತಿ ರಾತ್ರಿ ಅದನ್ನು ತೆರೆದು ಮುಚ್ಚುವವನು ನಾನೇ ಆದ್ದರಿಂದ, ಅದರ ಗುಣದೋಷಗಳನ್ನು ಹೇಳುವ ಅಧಿಕಾರ ನನಗೆ ಸ್ವಲ್ಪವಾದರೂ ಇದೆ ಎಂದುಕೊಂಡಿದ್ದೇನೆ.

ಮೊದಲು ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡುತ್ತೇನೆ. ಮೋಟಾರು ಬರುವ ಮುನ್ನ ಒಂದೊಂದು ಲಾರಿಗೂ ಗೇಟನ್ನು ಹೆಗಲು ಕೊಟ್ಟು ನೂಕಬೇಕಿತ್ತು. ಈಗ ಕೊಠಡಿಯ ಗೋಡೆಯಲ್ಲಿರುವ ಗುಂಡಿಯನ್ನು ಒತ್ತಿದರೆ ಸಾಕು, ಗೇಟಿನ ಕೆಳಗಿನ ಹಲ್ಲುಪಟ್ಟಿಯನ್ನು ಮೋಟಾರಿನ ಹಲ್ಲುಚಕ್ರ ಎಳೆದುಕೊಂಡು ಹೋಗುತ್ತದೆ. ಕರೆಂಟು ಹೋದರೂ ಪೆಟ್ಟಿಗೆಯೊಳಗಿನ ಬ್ಯಾಟರಿ ಕೈಹಿಡಿಯುತ್ತದೆ. ಹಳಿಯಲ್ಲಿ ಮರಳು, ಎಲೆ ಸೇರದಂತೆ ವಾರಕ್ಕೊಮ್ಮೆ ಗುಡಿಸುವುದನ್ನು ಬಿಟ್ಟರೆ, ಮೊದಲ ಎರಡು ವರ್ಷ ಅದು ನನ್ನಿಂದ ಬೇರೇನನ್ನೂ ಕೇಳಲಿಲ್ಲ. ಮೂರನೆಯ ಮಳೆಗಾಲದ ಒಂದು ರಾತ್ರಿ ನಡೆದದ್ದನ್ನು ಮಾತ್ರ ವಿವರವಾಗಿ ಬರೆಯಬೇಕಾಗಿದೆ.

ಅಂದು ಎರಡು ಗಂಟೆಯ ಸುಮಾರಿಗೆ ಮಳೆ ಬಿರುಸಾಯಿತು. ಗೇಟು ಮುಚ್ಚಿತ್ತು. ಕಿಟಕಿಯ ಆಚೆ ಅಂಗಳವೆಲ್ಲ ಬೆಳ್ಳಗಾಗುವಂತೆ ಒಂದು ಮಿಂಚು ಹೊಳೆಯಿತು. ಅದೇ ಕ್ಷಣಕ್ಕೆ ಗೇಟಿನ ಕಂಬದ ಮೇಲಿನ ಹಳದಿ ದೀಪ ಮಿಟುಕತೊಡಗಿ, ಗೇಟು ಸರಿಯಲಾರಂಭಿಸಿತು. ಗುಡುಗು ಕೇಳಿಸಿದ್ದು ಆಮೇಲೆ. ಯಾರೋ ರಿಮೋಟು ಒತ್ತಿರಬೇಕೆಂದುಕೊಂಡು ಟಾರ್ಚು ಹಾಯಿಸಿದೆ. ರಸ್ತೆಯಲ್ಲಿ ನೀರು ಹರಿಯುತ್ತಿತ್ತೇ ಹೊರತು ನರಪಿಳ್ಳೆಯೂ ಇರಲಿಲ್ಲ. ನನ್ನ ರಿಮೋಟಿನಿಂದ ಗೇಟನ್ನು ಮುಚ್ಚಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಇನ್ನೊಂದು ಮಿಂಚಿಗೆ ಅದು ಮತ್ತೆ ತೆರೆದುಕೊಂಡಿತು.

ಎರಡನೆಯ ಸಲವೂ ಮುಚ್ಚಿದ ಮೇಲೆ, ಕರೆಂಟಿನ ದೋಷವಿರಬಹುದೆಂದು ಕೊಠಡಿಯಲ್ಲಿದ್ದ ಗೇಟಿನ ಮೈನ್ ಸ್ವಿಚ್ಚನ್ನು ಆರಿಸಿದೆ. ಇನ್ನು ಅದು ಅಲುಗಲಾರದೆಂಬ ಧೈರ್ಯದಿಂದ ಕುರ್ಚಿಯಲ್ಲಿ ಕುಳಿತೆ. ಮೂರನೆಯ ಮಿಂಚು ಹೊಳೆದಾಗ, ಸ್ವಿಚ್ಚು ಆರಿಸಿದ್ದ ಆ ಗೇಟು ಹಳದಿ ದೀಪವನ್ನು ಮಿಟುಕಿಸುತ್ತ ನಿಧಾನವಾಗಿ ತೆರೆದುಕೊಂಡಿತು. ದೆವ್ವಭೂತಗಳನ್ನು ನಂಬುವವನು ನಾನಲ್ಲ. ಆದರೂ ಆ ಹೊತ್ತಿನಲ್ಲಿ ನನ್ನ ಕೈ ಮೈನ್ ಸ್ವಿಚ್ಚನ್ನು ಮತ್ತೊಮ್ಮೆ ಮುಟ್ಟಿ ನೋಡಿತು. ಸ್ವಿಚ್ಚು ಆರಿಯೇ ಇತ್ತು. ಒದ್ದೆಯಾದ ನಾಯಿಯೊಂದು ತೆರೆದ ಗೇಟಿನಿಂದ ಒಳಬಂದು, ನನ್ನ ಕಡೆಗೊಮ್ಮೆ ನೋಡಿ, ಗೋದಾಮಿನ ಸೂರಿನಡಿ ಮಲಗಿತು. ಬ್ಯಾಟರಿಯ ನೆನಪಾದದ್ದು ಆಗ. ಎರಡು ವರ್ಷ ನನಗೆ ನೆರವಾಗಿದ್ದ ಅದೇ ಬ್ಯಾಟರಿ ಈಗ ಗೇಟನ್ನು ತೆರೆಯುತ್ತಿತ್ತು.

ಬ್ಯಾಟರಿಯ ತಂತಿಯನ್ನು ಕಳಚಬೇಕೆಂದರೆ ಹೊರಗೆ ಹೋಗಿ, ಗೇಟಿನ ಪಕ್ಕದಲ್ಲಿರುವ ಮೋಟಾರಿನ ಮುಚ್ಚಳವನ್ನು ತೆಗೆಯಬೇಕು. ಸಿಡಿಲಿನ ಹೊತ್ತಿನಲ್ಲಿ ಬಯಲಿನಲ್ಲಿರುವ ಅಷ್ಟುದ್ದದ ಕಬ್ಬಿಣದ ಬಳಿ ನಿಲ್ಲುವುದು ಸಲ್ಲದ ಸಾಹಸ. ನಾನು ಹೋಗಲಿಲ್ಲ. ಸರಪಳಿ ಬಿಗಿಯುವ ಯೋಚನೆಯೂ ಬಂದಿತ್ತು. ಆದರೆ ಅದಕ್ಕೂ ಗೇಟನ್ನೇ ಮುಟ್ಟಬೇಕು, ಮೇಲಾಗಿ ಸರಪಳಿಯ ವಿರುದ್ಧ ಎಳೆದರೆ ಹಲ್ಲುಚಕ್ರ ಸವೆಯುತ್ತದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗೇಟಿನ ಮೇಲೆ ಟಾರ್ಚಿನ ಬೆಳಕನ್ನಿಟ್ಟು, ಗೇಟ್ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆಯಲು ಶುರುಮಾಡಿದೆ. ಹೆದರಿಕೆಗೆ ಕೈಗೊಂದು ಕೆಲಸ ಬೇಕಾಗಿತ್ತು, ಅಷ್ಟೇ. ಆದರೆ ಕೊನೆಗೆ ನಮ್ಮ ಕೈಹಿಡಿದದ್ದು ಆ ಪುಟವೇ.

ನಾನು ಬರೆದದ್ದು ಇಷ್ಟು: ಮಿಂಚಿನಿಂದ ಗುಡುಗಿನವರೆಗೆ ಎಷ್ಟು ಸೆಕೆಂಡು, ಗೇಟು ಅಲುಗಿತೇ ಇಲ್ಲವೇ. ಶಬ್ದವು 1 ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುವುದರಿಂದ, ಈ ಎಣಿಕೆಯಿಂದ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂಬುದು ತಿಳಿಯುತ್ತದೆ. ಒಂಬತ್ತು, ಹನ್ನೆರಡು ಸೆಕೆಂಡುಗಳ ಮಿಂಚುಗಳಿಗೆ ಗೇಟು ಕದಲಲಿಲ್ಲ. ಎರಡು ಅಥವಾ ಮೂರು ಸೆಕೆಂಡಿನವಕ್ಕೆ ತೆರೆದುಕೊಂಡಿತು. ಅಲ್ಲದೆ ಪ್ರತಿ ಸಲವೂ ಅದು ಕದಲಿದ್ದು ಮಿಂಚಿನ ಜೊತೆಗೆ, ಗುಡುಗಿನ ಜೊತೆಗಲ್ಲ. ಗುಡುಗಿಗೆ ನೆಲ ಅದುರಿ ಗೇಟು ಜಾರುತ್ತಿದೆ ಎಂಬ ನನ್ನ ಮೊದಲ ಊಹೆ ಇದರಿಂದ ಬಿದ್ದುಹೋಯಿತು.

ಮಳೆ ನಿಂತು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಗೇಟನ್ನು ಮುಚ್ಚಿ, ಹೊರಹೋಗಿ ಬ್ಯಾಟರಿಯ ತಂತಿಯನ್ನು ಕಿತ್ತೆ. ಮೋಟಾರಿನೊಳಗಿನ ಗಿಯರಿನ ರಚನೆಯಿಂದಾಗಿ, ವಿದ್ಯುತ್ತು ಪೂರ್ತಿ ಇಲ್ಲದಿರುವಾಗ ಗೇಟನ್ನು ಹೊರಗಿನಿಂದ ಎಷ್ಟು ನೂಕಿದರೂ ಸರಿಯುವುದಿಲ್ಲ. ಕೀಲಿ ಹಾಕಿ ಬಿಡುಗಡೆಯ ಹಿಡಿಯನ್ನು ತಿರುಗಿಸಿದರೆ ಮಾತ್ರ ಕೈಯಿಂದ ನೂಕಬಹುದು. ಹಾಗಾಗಿ ಬೆಳಗಿನವರೆಗೆ ಗೇಟು ಭದ್ರವಾಗಿತ್ತು.

ಮರುದಿನ ಮಾರಾಟಗಾರರ ಕಡೆಯವರು ಬಂದು, ಯಾವುದೋ ಬೇರೆ ರಿಮೋಟಿನ ಸಂಕೇತ ಸಿಗುತ್ತಿರಬೇಕೆಂದು ಹೇಳಿ, ಹಳೆಯ ರಿಮೋಟುಗಳನ್ನೆಲ್ಲ ಅಳಿಸಿ ಹೊಸದಾಗಿ ಸೇರಿಸಿ ಹೋದರು. ಮುಂದಿನ ಗುಡುಗು ಮಳೆಗೆ ಗೇಟು ಮತ್ತೆ ತೆರೆಯಿತು. ಆಗ ಮೋಟಾರನ್ನು ನಿಯಂತ್ರಿಸುವ ಇಡೀ ಬೋರ್ಡನ್ನೇ ಬದಲಿಸಬೇಕೆಂದರು. ಅಷ್ಟರಲ್ಲಿ ನಮ್ಮ ಮೇಲ್ವಿಚಾರಕರು ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮಾತು ಕಡಿಮೆ. ನನ್ನ ರಿಜಿಸ್ಟರಿನ ಪುಟವನ್ನು ಎರಡು ಸಲ ಓದಿ, "ಅಣ್ಣಾ, ನೀವು ಅರ್ಧ ಕೆಲಸ ಮುಗಿಸಿಬಿಟ್ಟಿದ್ದೀರಿ" ಎಂದನು.

ಅವನು ಯೋಚಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಗೇಟಿನ ಎರಡು ಬದಿಯ ಕಂಬಗಳಲ್ಲಿರುವ ಬೆಳಕಿನ ಕಿರಣದ ಕಣ್ಣುಗಳು ನಮ್ಮ ಗೇಟಿನಲ್ಲಿ ಮುಚ್ಚುತ್ತಿರುವ ಗೇಟನ್ನು ಹಿಂದಕ್ಕೆ ಕಳಿಸಬಲ್ಲವೇ ಹೊರತು, ಮುಚ್ಚಿ ನಿಂತ ಗೇಟನ್ನು ತೆರೆಯಲಾರವು. ಆದ್ದರಿಂದ ತಪ್ಪು ಅವುಗಳದ್ದಲ್ಲ. ನಮ್ಮ ರಿಮೋಟು ಒತ್ತಿದಾಗಲೆಲ್ಲ ಹೊಸ ಸಂಕೇತವನ್ನು ಕಳಿಸುವ ಬಗೆಯದು, ಮಿಂಚಿನ ರೇಡಿಯೋ ಗದ್ದಲದಿಂದ ಅಂಥ ಸಂಕೇತ ಹುಟ್ಟಲಾರದು. ಮುಚ್ಚಿದ ಗೇಟಿಗೆ "ತೆರೆ" ಎಂದು ಹೇಳಬಲ್ಲದ್ದು ಇನ್ನೊಂದೇ ಉಳಿಯಿತು: ನನ್ನ ಕೊಠಡಿಯ ಗುಂಡಿಯಿಂದ ಬೋರ್ಡಿಗೆ ನೆಲದಡಿ ಹೋಗಿರುವ ಸುಮಾರು 40 ಮೀಟರು ಉದ್ದದ ಎರಡೆಳೆಯ ತಂತಿ.

ಬೋರ್ಡಿನಲ್ಲಿ `START` ಎಂದು ಬರೆದ ಜಾಗದ ಪಕ್ಕದಲ್ಲಿ ಒಂದು ಚಿಕ್ಕ ಕೆಂಪು ದೀಪವಿದೆ. ಗುಂಡಿ ಒತ್ತಿದಾಗ ಮಾತ್ರ ಅದು ಹೊತ್ತಿಕೊಳ್ಳಬೇಕು. ಆ ದಿನ ಗುಂಡಿಯನ್ನು ಯಾರೂ ಮುಟ್ಟದಿದ್ದರೂ ಅದು ಮಂಕಾಗಿ ಕೆಂಡದಂತೆ ಮಿನುಗುತ್ತಿತ್ತು. ಬೋರ್ಡಿನಿಂದ ಆ ಎರಡೆಳೆಗಳನ್ನು ಬಿಚ್ಚಿದ ಕೂಡಲೇ ಆರಿತು. ಬಿಚ್ಚಿದ ಜಾಗದಲ್ಲಿ ಮೀಟರು ಹಿಡಿದಾಗ 24 ವೋಲ್ಟು ತೋರಿಸಿತು. ಎಳೆಗಳನ್ನು ಮತ್ತೆ ಸೇರಿಸಿದಾಗ ಅದು 15ಕ್ಕೆ ಇಳಿಯಿತು. ಅಂದರೆ ಎರಡೆಳೆಗಳ ನಡುವೆ ಎಲ್ಲಿಯೋ ವಿದ್ಯುತ್ತು ಸೋರುತ್ತಿತ್ತು. ಅಂಗಳದ ನಡುವಿನ ಚೇಂಬರನ್ನು ತೆರೆದರೆ ಅದರ ತುಂಬ ಮಳೆನೀರು, ಅದರೊಳಗೆ ಬರಿಯ ಟೇಪು ಸುತ್ತಿದ ಒಂದು ಜೋಡಣೆ. ಟೇಪನ್ನು ಬಿಚ್ಚಿದಾಗ ತಾಮ್ರವು ಹಸಿರುಗಟ್ಟಿ, ಬೆರಳಿಗೆ ಪುಡಿಯಾಗಿ ಹತ್ತಿತು.

ಸೋರಿಕೆಯೊಂದರಿಂದಲೇ ಗೇಟು ತೆರೆಯುತ್ತಿರಲಿಲ್ಲ, ಏಕೆಂದರೆ ವೋಲ್ಟು ಇನ್ನೂ ಸ್ವಲ್ಪ ಕೆಳಗಿಳಿದರಷ್ಟೇ ಆ ಬೋರ್ಡು ಅದನ್ನು ಗುಂಡಿ ಒತ್ತಿದಂತೆ ಎಣಿಸುತ್ತದೆ. ಆ ಉಳಿದ ಸ್ವಲ್ಪವನ್ನು ಒದಗಿಸುತ್ತಿದ್ದದ್ದು ಮಿಂಚು. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಅದರ ಪ್ರಬಲ ಪ್ರವಾಹವು ಅಕ್ಕಪಕ್ಕದ ಉದ್ದನೆಯ ತಂತಿಗಳಲ್ಲಿ ಮುಟ್ಟದೆಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ದೂರವಾದಂತೆ ಅದರ ಬಲ ಕುಂದುತ್ತದೆ. ಮೂರು ಸೆಕೆಂಡಿನೊಳಗಿನ ಮಿಂಚುಗಳಿಗೆ ಮಾತ್ರ ಗೇಟು ಓಗೊಟ್ಟದ್ದು ಇದರಿಂದ. ಮೊದಲೆರಡು ಮಳೆಗಾಲಗಳಲ್ಲಿ ಜೋಡಣೆ ಇನ್ನೂ ಕೊಳೆತಿರಲಿಲ್ಲವಾದ್ದರಿಂದ, ಹತ್ತಿರದ ಸಿಡಿಲಿಗೂ ಗೇಟು ಸುಮ್ಮನಿತ್ತು. ಸಾಲದ್ದಕ್ಕೆ, ಈ ತಂತಿಯನ್ನು ಮೋಟಾರಿನ ಕರೆಂಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದರು. ಹಾಗೆ ಮಾಡಬಾರದೆಂದು ಮೋಟಾರಿನ ಕೈಪಿಡಿಯಲ್ಲಿಯೇ ಬರೆದಿದೆ. ಕೂಡಿಸಲು ಬಂದವರು ಅದನ್ನು ಓದಿರಲಿಲ್ಲ. ನಾನೂ ಅಲ್ಲಿಯವರೆಗೆ ಓದಿರಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ದುರಸ್ತಿಗೆ ಮುನ್ನ ಅವನು ಒಂದು ಪರೀಕ್ಷೆ ಮಾಡಿಸಿದನು: ಗುಂಡಿಯ ತಂತಿಯನ್ನು ಬೋರ್ಡಿನಿಂದ ಬಿಚ್ಚಿಟ್ಟು, ಮುಂದಿನ ಗುಡುಗು ಮಳೆಯವರೆಗೆ ರಿಮೋಟನ್ನಷ್ಟೇ ಬಳಸಬೇಕೆಂದನು. ಐದನೆಯ ರಾತ್ರಿ ಮಳೆ ಬಂದಿತು. ಎರಡು ಸೆಕೆಂಡಿನ ಮಿಂಚುಗಳೇ ನಾಲ್ಕು ಬಂದವು. ಪ್ರತಿಯೊಂದಕ್ಕೂ ನಾನು ಉಸಿರು ಬಿಗಿಹಿಡಿದು ಹಳದಿ ದೀಪವನ್ನೇ ನೋಡಿದೆ. ಅದು ಹೊತ್ತಲಿಲ್ಲ.

ಆಮೇಲೆ ಬೇರೆ ಪೈಪು ಹೂಡಿ, ನಡುವೆ ಎಲ್ಲಿಯೂ ಜೋಡಣೆಯಿಲ್ಲದ, ಒಂದಕ್ಕೊಂದು ಹೊಸೆದ ಎಳೆಗಳ ಮೇಲೆ ಲೋಹದ ಹೊದಿಕೆಯಿರುವ ತಂತಿಯನ್ನು ಎಳೆದರು. ಆ ಹೊದಿಕೆಯನ್ನು ಬೋರ್ಡಿನ ಕಡೆ ಮಾತ್ರ ಅರ್ತಿಂಗಿಗೆ ಸೇರಿಸಿದರು. ಬೋರ್ಡಿನ ಮುಂದೆ, ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ತಾನಾಗಿ ಒತ್ತಿಕೊಳ್ಳುವ ಸ್ವಿಚ್ಚಾದ ಒಂದು ಚಿಕ್ಕ ರಿಲೇಯನ್ನೂ ಕೂಡಿಸಿದರು. ಅದರ ಸುರುಳಿ ಎಳೆದುಕೊಳ್ಳಲು ಕೆಲವು ಮಿಲಿಸೆಕೆಂಡುಗಳಾದರೂ ಬೇಕಾಗುವುದರಿಂದ, ಕ್ಷಣಮಾತ್ರದ ಹೊಡೆತಕ್ಕೆ ಅದು ಜಗ್ಗುವುದಿಲ್ಲ. ಸಿಡಿಲು ನೇರವಾಗಿ ಗೇಟಿಗೋ ಕರೆಂಟಿನ ಲೈನಿಗೋ ಬಡಿದರೆ ಇವು ಯಾವುವೂ ತಡೆಯಲಾರವು. ಲೈನಿನ ಮೂಲಕ ಬರುವ ಹೊಡೆತವನ್ನು ತಗ್ಗಿಸಲು ಮೈನ್ ಸ್ವಿಚ್ಚಿನ ಬಳಿ ಸರ್ಜ್ ಪ್ರೊಟೆಕ್ಟರನ್ನು ಹಾಕಿಸಿದ್ದಾರೆ, ಅದಕ್ಕೂ ಮಿತಿಯಿದೆ.

ಈಗ ಅಂಕದ ಮಾತು. ಮೋಟಾರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ನಡೆದ ತಪ್ಪು ಅದರದ್ದಲ್ಲ. ಕೂಡಿಸಿದ ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು. ಮೋಟಾರಿನಲ್ಲಿ ಕಳೆದ ಆ ಒಂದು ಅಂಕ ಬ್ಯಾಟರಿಯ ಕಾರಣಕ್ಕೆ: ಮೈನ್ ಸ್ವಿಚ್ಚು ಆರಿಸಿದರೂ ಗೇಟು ಚಲಿಸಬಲ್ಲದು ಎಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಎಲ್ಲಿಯೂ ಇಲ್ಲ, ಬ್ಯಾಟರಿಯನ್ನು ಕೊಠಡಿಯೊಳಗಿನಿಂದ ಕಡಿಯುವ ಸ್ವಿಚ್ಚೂ ಜೊತೆಗೆ ಬರುವುದಿಲ್ಲ. ನಾವು ಅದನ್ನು ಬೇರೆಯಾಗಿ ಹಾಕಿಸಿಕೊಂಡೆವು. ನನ್ನ ಕುರ್ಚಿಯ ಎಡಕ್ಕಿದೆ, ಕತ್ತಲಲ್ಲಿಯೂ ಕೈಗೆ ಸಿಗುವಷ್ಟು ಹತ್ತಿರ.